ಇಳಕಲ್ ಸೀರೆಯ ಉದ್ದನೆ ಪೇಜು: ಯಾವುದನ್ನು ತೆಗೆಯೋದು, ಯಾವುದನ್ನು ಉಳಿಸೋದು?

ಪ್ರಶ್ನೆ: ನಮಸ್ಕಾರ ರೀ. ನಾವು ಇಳಕಲ್‌ನಲ್ಲಿ ಕೈಮಗ್ಗದ ಸೀರೆ ನೇಯಿಸಿ ಆನ್‌ಲೈನ್‌ನಲ್ಲಿ ಮಾರ್ತೀವಿ. ಎಲ್ಲಾ ವಿವರ ಒಂದೇ ಪೇಜಿನಲ್ಲಿದೆ, ಬಾಳ ಉದ್ದ ಆಗಿದೆ. ತಿಂಗಳಿಗೆ 2,400 ಜನ ಬರ್ತಾರೆ, ಹೆಚ್ಚು ಕಡಿಮೆ 48 ಆರ್ಡರ್ ಆಗ್ತವೆ. ನಡುವೆ ನಮ್ಮ ಮನೆತನದ ಕಥೆ ಬರೋ ಜಾಗದಲ್ಲೇ ಜನ ನಿಂತುಬಿಡ್ತಾರೆ. ಆ ಕಥೆ ತೆಗಿ ಅಂತ ತಮ್ಮ ಅಂತಾನೆ, ಬೇಡ ಅಂತ ಅತ್ತೆಯವರು ಅಂತಾರೆ. ರಿವ್ಯೂ ತನಕ ಬಂದವರೇ ಜಾಸ್ತಿ ಆರ್ಡರ್ ಮಾಡ್ತಾರೆ, ಅದಕ್ಕೆ ಅದನ್ನ ಮುಟ್ಟೋ ಹಾಗಿಲ್ಲ. ಹಾಗಾದ್ರೆ ಏನು ತೆಗಿಬೇಕು? ವಾಟ್ಸಾಪ್ ಮಾತುಕತೆಯ ಸ್ಕ್ರೀನ್‌ಶಾಟ್ ಕಳಿಸಿದ್ದೀನಿ, ಜನ ಪೇಜಿನಲ್ಲಿ ಏನೇನು ಮಾಡ್ತಾರೆ ಅಂತ ರೆಕಾರ್ಡ್ ಮಾಡೋ ಕ್ಲಾರಿಟಿ ನೋಡೋಕೂ ಅನುಮತಿ ಕೊಟ್ಟಿದ್ದೀನಿ.

ಉತ್ತರ: ನಮಸ್ಕಾರ. ಮನೆತನದ ಕಥೆಯನ್ನು ಸದ್ಯಕ್ಕೆ ಅಳಿಸಬೇಡಿ. ಜನ ಅಲ್ಲಿ ನಿಲ್ಲುತ್ತಿರುವುದು ನಿಜ. ಆದರೆ ನಿಮ್ಮ ರೆಕಾರ್ಡಿಂಗ್‌ಗಳನ್ನು ನೋಡಿದರೆ ಕಾರಣ ಬೇರೆ ಕಾಣುತ್ತದೆ. ಅದಕ್ಕೆ ಬರುವ ಮೊದಲು ಅಂಕಿಗಳನ್ನು ಒಂದು ಸಲ ಸರಿಯಾಗಿ ಓದೋಣ.

ಗೂಗಲ್ ಅನಾಲಿಟಿಕ್ಸ್‌ನಲ್ಲಿ ತಾನಾಗಿಯೇ ಬರುವ `scroll` ಲೆಕ್ಕವನ್ನು ಇಲ್ಲಿ ಬಳಸಬೇಡಿ. ಪೇಜಿನ 90 ಶೇಕಡಾ ಕೆಳಗೆ ಹೋದವರನ್ನು ಮಾತ್ರ ಅದು ಎಣಿಸುತ್ತದೆ. ನಡುವೆ ಎಲ್ಲಿ ನಿಂತರು ಅನ್ನೋದು ಅದರಲ್ಲಿ ಸಿಗುವುದಿಲ್ಲ. ಮೈಕ್ರೋಸಾಫ್ಟ್ ಕ್ಲಾರಿಟಿಯ ಸ್ಕ್ರೋಲ್ ಮ್ಯಾಪ್ ಈ ಕೆಲಸಕ್ಕೆ ಸಾಕು, ಅದು ಪುಕ್ಕಟೆಯೂ ಹೌದು. ಆದರೆ ಅದು ಕೊಡುವುದು ಪೇಜಿನ ಎಷ್ಟು ಭಾಗ ಎಷ್ಟು ಜನಕ್ಕೆ ಕಂಡಿತು ಅನ್ನೋ ಲೆಕ್ಕ. ನಿಮ್ಮ ಯಾವ ವಿಷಯ ಎಲ್ಲಿಂದ ಶುರುವಾಗುತ್ತದೆ ಎಂದು ಅದಕ್ಕೆ ಗೊತ್ತಿಲ್ಲ. ಅದನ್ನು ನೀವೇ ಗುರುತು ಮಾಡಿಕೊಳ್ಳಬೇಕು.

ನಾನು ನಿಮ್ಮ ಪೇಜನ್ನು ಫೋನಿನಲ್ಲೇ ತೆರೆದು, ಒಂದೊಂದು ಪರದೆಯಷ್ಟು ಸರಿಸುತ್ತಾ ಎಣಿಸಿದೆ. ಒಟ್ಟು ಸುಮಾರು 26 ಪರದೆ ಉದ್ದ ಇದೆ. ಫೋನಿನಿಂದ ಬಂದವರನ್ನು ಮಾತ್ರ ಆರಿಸಿಕೊಂಡು ನೋಡಿದೆ. ಕಂಪ್ಯೂಟರಿನವರನ್ನು ಜೊತೆಗೆ ಸೇರಿಸಿದರೆ ಚಿತ್ರ ಕಲಸಿಹೋಗುತ್ತದೆ. ಅವರಿಗೆ ಅದೇ ಪೇಜು ಬಹಳ ಚಿಕ್ಕದಾಗಿ ಕಾಣುತ್ತದೆ, ಅಲ್ವಾ?

ಬಂದ 100 ಜನರಲ್ಲಿ 78 ಜನ ಇಳಕಲ್ ಊರಿನ ಇತಿಹಾಸ ಶುರುವಾಗುವ ಜಾಗಕ್ಕೆ ಬರುತ್ತಾರೆ. ನೇಯ್ಗೆಯ ವಿವರಕ್ಕೆ 61 ಜನ ಬರುತ್ತಾರೆ. ಮನೆತನದ ಕಥೆಗೆ 56. ಅದನ್ನು ದಾಟಿ ಪವರ್‌ಲೂಮ್ ಹೋಲಿಕೆಗೆ ಬರುವವರು 33. ರಿವ್ಯೂಗಳಿಗೆ 31. ರಿವ್ಯೂ ಮುಗಿಸಿ ಬಣ್ಣಗಳನ್ನು ನೋಡುವವರು 17. ಬೆಲೆ ಕಾಣುವುದು 16 ಜನಕ್ಕೆ.

ಇಲ್ಲಿ ಒಂದು ಲೆಕ್ಕ ಮುಖ್ಯ. ಒಂದು ಭಾಗ ಎಷ್ಟು ಜನರನ್ನು ಕಳೆದುಕೊಂಡಿತು ಎಂದು ನೋಡುವಾಗ, ಆ ಭಾಗಕ್ಕೆ ಬಂದವರಲ್ಲಿ ಎಷ್ಟು ಪಾಲು ಎಂದು ನೋಡಬೇಕು. ಆಮೇಲೆ ಆ ಭಾಗ ಎಷ್ಟು ಪರದೆ ಉದ್ದ ಇದೆಯೋ ಅದರಿಂದ ಭಾಗಿಸಬೇಕು. ರಿವ್ಯೂಗಳು 31ರಲ್ಲಿ 14 ಜನರನ್ನು ಕಳೆದುಕೊಂಡಿವೆ, ಅಂದರೆ ಸುಮಾರು 45 ಶೇಕಡಾ. ಕೇಳಿದರೆ ಗಾಬರಿಯಾಗುತ್ತದೆ. ಆದರೆ ಅವು ಆರು ಪರದೆ ಉದ್ದ ಇವೆ. ಪರದೆಗೆ ಏಳೆಂಟು ಶೇಕಡಾ ಬಿತ್ತು. ಇತಿಹಾಸದ ಭಾಗವೂ ಹತ್ತಿರಹತ್ತಿರ ಇದೇ ಥರ, ಪರದೆಗೆ ಐದಾರು ಶೇಕಡಾ. ಇದು ಉದ್ದದಿಂದ ಆಗುವ ಸವಕಳಿ. ಮನೆತನದ ಕಥೆ ಮಾತ್ರ ಮೂರೇ ಪರದೆಯಲ್ಲಿ 56ರಲ್ಲಿ 23 ಜನರನ್ನು ಕಳೆದುಕೊಂಡಿದೆ. ಪರದೆಗೆ ಸುಮಾರು 14 ಶೇಕಡಾ. ಇದು ಸವಕಳಿ ಅಲ್ಲ, ಅಲ್ಲಿ ಏನೋ ತಡೆಯುತ್ತಿದೆ.

ಸವಕಳಿ ಇದ್ದ ಕಡೆ ಉದ್ದ ಕಡಿಮೆ ಮಾಡಿದರೆ ಸಾಲುತ್ತದೆ. ಒಮ್ಮೆಲೇ ಕುಸಿದ ಕಡೆ ಕತ್ತರಿ ಹಾಕುವ ಮುಂಚೆ ರೆಕಾರ್ಡಿಂಗ್ ನೋಡಲೇಬೇಕು.

ನೋಡಿದಾಗ ಕಂಡದ್ದು ಇಷ್ಟು. ಕಥೆಯ ಕೊನೆಗೆ ನೀವು ಮನೆಯವರೆಲ್ಲ ಕೈಮುಗಿದು ನಿಂತಿರುವ ಅಗಲವಾದ ಫೋಟೋ ಹಾಕಿದ್ದೀರಿ. ಕೆಳಗೆ "ನಮ್ಮ ಕುಟುಂಬದ ಕಡೆಯಿಂದ ಧನ್ಯವಾದಗಳು" ಎಂದಿದೆ. ಅದರ ಕೆಳಗೆ ಅರ್ಧ ಪರದೆಗಿಂತ ಜಾಸ್ತಿ ಖಾಲಿ ಜಾಗ. ಫೋನಿನಲ್ಲಿ ನೋಡುವವರಿಗೆ ಪೇಜು ಅಲ್ಲಿಗೆ ಮುಗಿಯಿತು ಅಂತಲೇ ಅನ್ನಿಸುತ್ತದೆ. ಕೈಮುಗಿದು ಧನ್ಯವಾದ ಹೇಳಿದ ಮೇಲೆ ಇನ್ನೇನು ಇರುತ್ತದೆ?

ಅಷ್ಟೇ ಆಗಿದ್ದರೆ ಜನ ಅಲ್ಲಿಂದ ಸುಮ್ನೆ ಹೊರಗೆ ಹೋಗುತ್ತಿದ್ದರು. ಆದರೆ ಬಹಳ ಜನ ಆ ಫೋಟೋ ತನಕ ಬಂದು, ಅಲ್ಲಿಂದ ಸರಸರ ಮೇಲೆ ಹೋಗುತ್ತಾರೆ. ಮೊದಲ ಫೋಟೋದ ಹತ್ತಿರ ಸುತ್ತಾಡುತ್ತಾರೆ, ಅದನ್ನು ಒಂದೆರಡು ಸಲ ಒತ್ತಿ ನೋಡುತ್ತಾರೆ. ಆಮೇಲೆ ಹೋಗುತ್ತಾರೆ. ಮೇಲಕ್ಕೆ ವಾಪಸ್ ಹೋಗುವುದು ಬೇಸರದ ಗುರುತಲ್ಲ. ಬೇಜಾರಾದವರು ನೇರವಾಗಿ ಮುಚ್ಚುತ್ತಾರೆ, ಮೇಲೆ ಹೋಗುವವರು ಏನನ್ನೋ ಹುಡುಕುತ್ತಿರುತ್ತಾರೆ. ನಿಮ್ಮ ಪೇಜಿನಲ್ಲಿ ಮೇಲಿನ ಇಪ್ಪತ್ತೆರಡು ಪರದೆಯಲ್ಲಿ ಎಲ್ಲೂ ಇಲ್ಲದ ಒಂದು ಸಂಗತಿ ಅಂದರೆ ಬೆಲೆ. ಅವರು ಹುಡುಕುತ್ತಿರುವುದು ಅದನ್ನೇ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ನಿಮ್ಮ ವಾಟ್ಸಾಪ್ ಮೆಸೇಜುಗಳು ಇದನ್ನು ಪಕ್ಕಾ ಮಾಡುತ್ತವೆ. ಅದಕ್ಕೆ ಬರುತ್ತೇನೆ.

ಇನ್ನೊಂದು ಚಿಕ್ಕ ಎಚ್ಚರಿಕೆ. ಇತಿಹಾಸದ ಭಾಗದ ಮಧ್ಯೆ ಒಂದು ವಾಟ್ಸಾಪ್ ಬಟನ್ ಇದೆ. ಅದನ್ನು ಒತ್ತಿ ಹೋದವರೂ ಸ್ಕ್ರೋಲ್ ಲೆಕ್ಕದಲ್ಲಿ ಅರ್ಧಕ್ಕೇ ಬಿಟ್ಟವರಾಗಿ ಕಾಣುತ್ತಾರೆ. ಅವರು ಗಿರಾಕಿಗಳು. ಬಟನ್ ಒತ್ತಿದವರನ್ನು ಬೇರೆ ಮಾಡಿ ನೋಡಿ, ಇಲ್ಲದಿದ್ದರೆ ಒಳ್ಳೆ ಕೆಲಸ ಮಾಡುತ್ತಿರುವ ಜಾಗವನ್ನೇ ತೆಗೆದುಬಿಡುತ್ತೀರಿ.

ಈಗ ರಿವ್ಯೂ ವಿಚಾರ. ಅಲ್ಲಿಗೆ ಬಂದವರೇ ಜಾಸ್ತಿ ಆರ್ಡರ್ ಮಾಡುವುದು ನಿಜ ಇರಬಹುದು. ಆದರೆ ಹದಿನಾಲ್ಕು ಪರದೆ ದಾಟಿ ಬಂದವರು ಮೊದಲೇ ಕೊಳ್ಳುವ ಮನಸ್ಸು ಮಾಡಿದವರು. ಅವರು ರಿವ್ಯೂ ಓದಿದ್ದಕ್ಕೆ ಕೊಂಡರೋ, ಕೊಳ್ಳಬೇಕು ಅಂತಲೇ ಅಲ್ಲಿ ತನಕ ಬಂದರೋ, ಈ ಲೆಕ್ಕದಿಂದ ಹೇಳೋಕೆ ಆಗುವುದಿಲ್ಲ. ಪೇಜಿನ ಅಡಿಯಲ್ಲಿ ಏನು ಇಟ್ಟರೂ, ಅದನ್ನು ಕಂಡವರೇ ಜಾಸ್ತಿ ಕೊಂಡಂತೆ ಕಾಣುತ್ತದೆ. ಖಾಲಿ ಬಿಳಿ ಚೌಕ ಇಟ್ಟರೂ ಹಾಗೇ ಕಾಣುತ್ತದೆ. ಹಾಗಾಗಿ "ರಿವ್ಯೂ ಮುಟ್ಟೋ ಹಾಗಿಲ್ಲ" ಅನ್ನೋ ಮಾತನ್ನು ಬಿಡಿ. ರಿವ್ಯೂ ಇರಲಿ, ಎಷ್ಟು ಇರಬೇಕು ಅನ್ನೋದನ್ನು ಬೇರೆ ರೀತಿಯಲ್ಲಿ ತೀರ್ಮಾನಿಸೋಣ.

ಹಾಗಾದರೆ ಯಾವ ಭಾಗ ಬೇಕು, ಯಾವುದು ಬೇಡ ಎಂದು ಯಾರು ಹೇಳಬೇಕು? ನಿಮ್ಮ ವಾಟ್ಸಾಪ್ ಹೇಳಬೇಕು. ಹಿಂದಿನ ಎರಡು ತಿಂಗಳ ಮಾತುಕತೆ ತೆರೆಯಿರಿ. ಹಣ ಕಳಿಸುವ ಮುಂಚೆ ಒಬ್ಬೊಬ್ಬರು ಏನೇನು ಕೇಳಿದ್ದಾರೆ ಎಂದು ಒಂದು ಕಾಗದದ ಎಡಗಡೆ ಬರೆಯಿರಿ. ಅದೇ ಪ್ರಶ್ನೆ ಮತ್ತೆ ಬಂದರೆ ಮುಂದೆ ಗೀಟು ಹಾಕುತ್ತಾ ಹೋಗಿ. ಕೊಳ್ಳದೆ ಸುಮ್ಮನಾದವರ ಕೊನೆಯ ಪ್ರಶ್ನೆಯನ್ನು ಬೇರೆ ಬಣ್ಣದಲ್ಲಿ ಬರೆಯಿರಿ, ಅದಕ್ಕೆ ತೂಕ ಜಾಸ್ತಿ. ಬಲಗಡೆ, ಆ ಪ್ರಶ್ನೆಗೆ ಪೇಜಿನ ಯಾವ ಭಾಗ ಉತ್ತರ ಕೊಡುತ್ತದೆ ಎಂದು ಬರೆಯಿರಿ.

ನೀವು ಕಳಿಸಿದ ಸ್ಕ್ರೀನ್‌ಶಾಟ್‌ಗಳಲ್ಲೇ ಒಂದಷ್ಟು ಕಾಣುತ್ತಿವೆ. ಬೆಲೆ ಎಷ್ಟು ಅನ್ನೋದು ಎಲ್ಲಕ್ಕಿಂತ ಹೆಚ್ಚು. ಆಮೇಲೆ, ಇದು ಕೈಮಗ್ಗದ್ದೇನಾ. ಒಡಲು ಕಾಟನ್ನೋ ರೇಷ್ಮೆಯೋ. ಆರು ಗಜವೋ ಒಂಬತ್ತು ಗಜವೋ. ಬ್ಲೌಸ್ ಪೀಸ್ ಬರುತ್ತಾ, ಗುಳೇದಗುಡ್ಡದ ಖಣ ಜೊತೆಗೆ ಸಿಗುತ್ತಾ. ಒಗೆದರೆ ಬಣ್ಣ ಬಿಡುತ್ತಾ. ಮದುವೆಗೆ ಬೇಕು, ಎಷ್ಟು ದಿನಕ್ಕೆ ಬರುತ್ತೆ. ಇಳಕಲ್ ಊರಿನ ಇತಿಹಾಸ ಹೇಳಿ ಎಂದು ಯಾರೂ ಕೇಳಿದಂತಿಲ್ಲ. ಬ್ಲೌಸ್ ಪೀಸಿನ ಬಗ್ಗೆ 26 ಪರದೆಯಲ್ಲಿ ಒಂದು ಮಾತೂ ಇಲ್ಲ! ಉದ್ದನೆ ಪೇಜಿನಲ್ಲಿ ಇದು ಬಹಳ ಸಲ ಆಗುವ ತೊಂದರೆ. ಹೇಳಿದ್ದು ಜಾಸ್ತಿ, ಕೇಳಿದ್ದಕ್ಕೆ ಉತ್ತರ ಕಡಿಮೆ.

ಈ ಪಟ್ಟಿಗೂ ಒಂದು ಮಿತಿ ಇದೆ. ಮೆಸೇಜ್ ಮಾಡುವವರು ಆಗಲೇ ಸ್ವಲ್ಪ ಮನಸ್ಸು ಮಾಡಿದವರು. ಮಾತಾಡದೆ ಹೋದವರ ಪ್ರಶ್ನೆ ಇದರಲ್ಲಿ ಇರುವುದಿಲ್ಲ. ಅದಕ್ಕೇ ರೆಕಾರ್ಡಿಂಗೂ ಬೇಕು, ಪಟ್ಟಿಯೂ ಬೇಕು. ಎರಡೂ ಒಂದೇ ಕಡೆ ಬೊಟ್ಟು ಮಾಡಿದರೆ ಧೈರ್ಯವಾಗಿ ಕೈ ಹಾಕಿ. ನಿಮ್ಮಲ್ಲಿ ಬೆಲೆಯ ವಿಷಯದಲ್ಲಿ ಎರಡೂ ಒಂದೇ ಮಾತು ಹೇಳುತ್ತಿವೆ.

ಇಷ್ಟರ ಮೇಲೆ ನಿಮ್ಮ ಒಂದೊಂದು ಭಾಗಕ್ಕೆ ನಾನು ಏನು ಮಾಡುತ್ತಿದ್ದೆ ಎಂದು ಹೇಳುತ್ತೇನೆ.

ಬೆಲೆಯನ್ನು ಮೊದಲ ಫೋಟೋದ ಕೆಳಗೇ ತನ್ನಿ. ಕೈಮಗ್ಗದ್ದು ದುಬಾರಿ, ಮೊದಲೇ ಹೇಳಿದರೆ ಓಡಿಹೋಗುತ್ತಾರೆ ಎಂದು ನಿಮಗೆ ಹೆದರಿಕೆ ಇರಬಹುದು. ಓಡಿಹೋಗುವವರು ಇಪ್ಪತ್ತಮೂರನೇ ಪರದೆಯಲ್ಲೂ ಓಡುತ್ತಾರೆ. ಇಳಕಲ್‌ನ ಅಂಗಡಿಯಲ್ಲಿ ಗಿರಾಕಿ ಕೂತ ಕೂಡಲೇ "ಎಷ್ಟರೊಳಗ ತೋರಿಸಲಿರಿ?" ಎಂದು ಕೇಳುತ್ತಾರಲ್ವಾ, ಹಾಗೆ. ಬೆಲೆಯ ಪಕ್ಕದಲ್ಲೇ ಗಜ, ನೂಲು, ಬ್ಲೌಸ್ ಪೀಸ್, ಕೈಸೇರುವ ದಿನ ಇಷ್ಟನ್ನೂ ಒಂದೊಂದು ಸಾಲಿನಲ್ಲಿ ಕೊಡಿ.

ಬೆಲೆ ಕಂಡ ಮೇಲೆ ಏಳುವ ಪ್ರಶ್ನೆ "ಯಾಕೆ ಇಷ್ಟು?" ಅದಕ್ಕೆ ಉತ್ತರ ನಿಮ್ಮ ನೇಯ್ಗೆಯ ಭಾಗದಲ್ಲಿದೆ. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುವುದು, ತೋಪು ತೆನೆಯ ಸೆರಗು, ಇದನ್ನೆಲ್ಲ ನೀವು ಚೆನ್ನಾಗಿ ಬರೆದಿದ್ದೀರಿ. ಅಂಕಿಯೂ ಅದನ್ನೇ ಹೇಳುತ್ತದೆ. ಮೂರು ಪರದೆ ಇದ್ದರೂ ಆ ಭಾಗ 61ರಲ್ಲಿ ಐದೇ ಜನರನ್ನು ಕಳೆದುಕೊಂಡಿದೆ. ಪೇಜಿನ ಉದ್ದನೆ ಭಾಗಗಳಲ್ಲಿ ಜನರನ್ನು ಹಿಡಿದಿಟ್ಟುಕೊಂಡಿರುವುದು ಇದೊಂದೇ. ಇದನ್ನು ಕತ್ತರಿಸಬೇಡಿ, ಬೆಲೆಯ ಕೆಳಗೆ ತನ್ನಿ. ಪವರ್‌ಲೂಮ್ ಹೋಲಿಕೆಯನ್ನೂ ಇದಕ್ಕೇ ಅಂಟಿಸಿ. ಈಗ ಅವೆರಡರ ನಡುವೆ ಮನೆತನದ ಕಥೆ ಬಂದು ಕೂತಿದೆ. ಕೊಂಡಿ ಹಾಕಿದ ಜಾಗ ಸೀರೆಯ ಒಳಮೈಯಲ್ಲಿ ಹೇಗೆ ಕಾಣುತ್ತದೆ ಎಂದು ಹತ್ತಿರದಿಂದ ತೆಗೆದ ಒಂದು ಫೋಟೋ ಹಾಕಿದರೆ, ಈಗಿರುವ ಎರಡು ಪ್ಯಾರಾ ಬೇಕಾಗುವುದಿಲ್ಲ.

ಇತಿಹಾಸದ ನಾಲ್ಕು ಪರದೆಯಲ್ಲಿ ಎರಡು ಸಾಲು ಉಳಿಸಿ. ಇಳಕಲ್ ಸೀರೆಗೆ ಭೌಗೋಳಿಕ ಸೂಚಕ ಅಂದರೆ ಜಿಐ ಮಾನ್ಯತೆ ಇದೆ ಅನ್ನೋದು ಅದರಲ್ಲಿ ಇರಲಿ, ಅದು ನಕಲಿಯ ಸಂಶಯಕ್ಕೆ ಉತ್ತರ. ಉಳಿದದ್ದು ಕೊಳ್ಳುವವರ ಯಾವ ಪ್ರಶ್ನೆಗೂ ಉತ್ತರ ಕೊಡುತ್ತಿಲ್ಲ. ನನ್ನ ಪ್ರಕಾರ ನಿಜವಾಗಿ ಕತ್ತರಿ ಬೀಳಬೇಕಾದ ದೊಡ್ಡ ಭಾಗ ಇದೇ. ನಿಮ್ಮ ತಮ್ಮನ ಕಣ್ಣು ಇದರ ಮೇಲೆ ಬೀಳದಿರುವುದಕ್ಕೆ ಕಾರಣ, ಇಲ್ಲಿ ಜನ ಒಮ್ಮೆಲೇ ಬೀಳುವುದಿಲ್ಲ. ಸ್ವಲ್ಪ ಸ್ವಲ್ಪವೇ ಸೋರುತ್ತಾರೆ. ಆದರೆ ಅಷ್ಟು ಮೇಲೆ ಸೋರಿದವರು ಕೆಳಗಿನ ಯಾವುದನ್ನೂ ನೋಡುವುದಿಲ್ಲ.

ಮನೆತನದ ಕಥೆಗೆ ಒಂದು ಫೋಟೋ, ಮೂರು ಸಾಲು ಸಾಕು. ಮಗ್ಗದ ಮುಂದೆ ಕೂತ ಫೋಟೋ ಇದ್ದರೆ ಇನ್ನೂ ಒಳ್ಳೆಯದು. ಧನ್ಯವಾದದ ಸಾಲನ್ನು ಪೇಜಿನ ಕಟ್ಟಕಡೆಗೆ ಹಾಕಿ, ಖಾಲಿ ಜಾಗ ತೆಗೆಯಿರಿ. ಉಳಿದ ಕಥೆಯನ್ನು ಮಡಚಿಡಿ. ಬೇಕಾದವರು ಒತ್ತಿ ಓದುತ್ತಾರೆ, ಅತ್ತೆಯವರಿಗೂ ನೋವಾಗುವುದಿಲ್ಲ. ಅದಕ್ಕೆ ಇಷ್ಟು ಸಾಕು:

```html
<details>
  <summary>ನಮ್ಮ ಮನೆತನದ ಕಥೆ ಓದಿ</summary>
  <p>ಇಲ್ಲಿ ಪೂರ್ತಿ ಕಥೆ</p>
</details>
```

ಮಡಚಿಟ್ಟದ್ದನ್ನು ಎಷ್ಟು ಜನ ಒತ್ತುತ್ತಾರೆ ಎಂದು ಕ್ಲಾರಿಟಿಯಲ್ಲಿ ಕಾಣುತ್ತದೆ. ಸ್ಕ್ರೋಲ್ ಮಾಡುತ್ತಾ ಹಾದುಹೋದವರ ಲೆಕ್ಕಕ್ಕಿಂತ ಇದು ಎಷ್ಟೋ ನಂಬಿಕೆಯದ್ದು. ಬೇಕೆಂದು ಒತ್ತಿದವರು ಮಾತ್ರ ಇದರಲ್ಲಿ ಇರುತ್ತಾರೆ. ಆದರೆ ಬೆಲೆ, ಗಜ, ವಾಪಸಾತಿಯಂಥ ವಿಷಯಗಳನ್ನು ಎಂದೂ ಮಡಚಬೇಡಿ. ಒತ್ತಬೇಕು ಅಂದರೆ ಬಹಳ ಜನ ಒತ್ತುವುದೇ ಇಲ್ಲ.

ರಿವ್ಯೂಗಳಲ್ಲಿ ನಾಲ್ಕೈದು ಉಳಿಸಿ. "ತುಂಬಾ ಚೆನ್ನಾಗಿದೆ", "ಸೂಪರ್" ಅನ್ನುವವು ಬೇಡ. ಪಟ್ಟಿಯ ಎಡಗಡೆಯ ಸಂಶಯಕ್ಕೆ ಉತ್ತರ ಕೊಡುವವನ್ನು ಆರಿಸಿ. ಒಬ್ಬರು ಮೂರು ಸಲ ಒಗೆದ ಮೇಲೂ ಸೆರಗಿನ ಕೆಂಪು ಒಡಲಿಗೆ ಹತ್ತಿಲ್ಲ ಎಂದು ಬರೆದಿದ್ದಾರೆ. ಅದು ಚಿನ್ನದಂಥ ರಿವ್ಯೂ. ಈಗ ಅದು ರಿವ್ಯೂಗಳ ಐದನೇ ಪರದೆಯಷ್ಟು ಕೆಳಗೆ ಹೂತುಹೋಗಿದೆ. ಅದನ್ನು ಒಗೆಯುವ ವಿಧಾನದ ಸಾಲಿನ ಪಕ್ಕದಲ್ಲೇ ಇಡಿ.

ಇಲ್ಲಿ ಒಂದು ವಿಷಯದಲ್ಲಿ ಹುಷಾರಾಗಿರಿ. ಕೆಲವು ಭಾಗಗಳು ಮಾರಾಟ ಹೆಚ್ಚಿಸುವುದಿಲ್ಲ, ಓದುವವರೂ ಕಡಿಮೆ. ಆದರೆ ಅವು ಸೀರೆ ವಾಪಸ್ ಬರದಂತೆ ತಡೆಯುತ್ತವೆ. "ಫೋಟೋದ ಬಣ್ಣಕ್ಕೂ ಸೀರೆಯ ಬಣ್ಣಕ್ಕೂ ಸ್ವಲ್ಪ ವ್ಯತ್ಯಾಸ ಇರಬಹುದು", "ಕೈನೇಯ್ಗೆಯಲ್ಲಿ ಅಲ್ಲಲ್ಲಿ ಎಳೆ ಕಾಣಬಹುದು" ಎಂದು ನೀವು ಬರೆದಿರುವ ಸಾಲುಗಳು ಅಂಥವು. ತೆಗೆದರೆ ಆರ್ಡರ್ ಸ್ವಲ್ಪ ಏರಿದಂತೆಯೇ ಕಾಣಬಹುದು. ಅದರ ನಷ್ಟ ಕೆಲವು ವಾರದ ಮೇಲೆ ಕೊರಿಯರ್ ಪಾರ್ಸಲ್ ಆಗಿ ವಾಪಸ್ ಬರುತ್ತದೆ. ಇವನ್ನು ಬಣ್ಣಗಳ ಫೋಟೋದ ಕೆಳಗೆ ಚಿಕ್ಕದಾಗಿ ಉಳಿಸಿ. ಒಗೆಯುವ ವಿಧಾನದ ಉದ್ದನೆ ವಿವರ ಮಾತ್ರ ಪೇಜಿನಲ್ಲಿ ಬೇಡ, ಒಂದು ಕಾರ್ಡಿನಲ್ಲಿ ಅಚ್ಚು ಹಾಕಿಸಿ ಸೀರೆಯ ಜೊತೆ ಕಳಿಸಿ. ಬಣ್ಣ ಬಿಡುತ್ತಾ ಅನ್ನೋದಕ್ಕೆ ಉತ್ತರ ಕೊಡುವ ಒಂದು ಸಾಲು ಪೇಜಿನಲ್ಲಿ ಇದ್ದರೆ ಆಯಿತು.

ಇಷ್ಟನ್ನೂ ಒಂದೇ ದಿನ ಮಾಡಬೇಡಿ. ಮೊದಲು ಎರಡು ಕೆಲಸ: ಬೆಲೆ ಮೇಲೆ ಬರಲಿ, ಧನ್ಯವಾದದ ಫೋಟೋಗೇ ಪೇಜು ಮುಗಿಯಿತು ಅನ್ನಿಸುವ ಆ ಸುಳ್ಳು ಕೊನೆ ಹೋಗಲಿ. ಒಂದು ತಿಂಗಳು ಹಾಗೇ ಬಿಡಿ. ಪಂಚಮಿ, ದೀಪಾವಳಿ ಅಥವಾ ಮದುವೆಯ ಸೀಜನ್ನಿನ ತಿಂಗಳನ್ನು ಸಾಧಾರಣ ತಿಂಗಳ ಜೊತೆ ಹೋಲಿಸಬೇಡಿ, ಹಬ್ಬದ ಆರ್ಡರನ್ನು ಪೇಜಿನ ಲೆಕ್ಕಕ್ಕೆ ಬರೆದುಕೊಳ್ಳುತ್ತೀರಿ. ಆಮೇಲೆ ಇತಿಹಾಸ, ಅದರ ನಂತರ ರಿವ್ಯೂ. ತೆಗೆಯುವುದನ್ನು ಅಳಿಸದೆ `display: none` ಹಾಕಿ ಮರೆಮಾಡಿ, ತಪ್ಪಾದರೆ ಒಂದು ನಿಮಿಷದಲ್ಲಿ ವಾಪಸ್ ಬರುತ್ತದೆ.

ಅರ್ಧ ಜನಕ್ಕೆ ಹಳೆ ಪೇಜು, ಅರ್ಧ ಜನಕ್ಕೆ ಹೊಸದು ತೋರಿಸಿ ಪರೀಕ್ಷೆ ಮಾಡಿ ಎಂದು ಯಾರಾದರೂ ಹೇಳಬಹುದು. ಸರಿಯಾದ ದಾರಿ ಅದೇ, ಆದರೆ ನಿಮ್ಮ ಸಂಖ್ಯೆಗೆ ಅದು ಕಷ್ಟ. ನಿಮಗೆ ಈಗ 100 ಜನಕ್ಕೆ 2 ಆರ್ಡರ್ ಬರುತ್ತಿವೆ. ಅದು 3 ಆಗಿದ್ದು ಅದೃಷ್ಟದಿಂದಲ್ಲ ಎಂದು ನಂಬಬೇಕಾದರೆ ಒಂದೊಂದು ಪೇಜಿಗೆ ಸುಮಾರು 3,800 ಜನ ಬೇಕು. ಎರಡೂ ಸೇರಿ ನಿಮಗೆ ಮೂರು ತಿಂಗಳಿಗಿಂತ ಜಾಸ್ತಿ. 2 ಇದ್ದದ್ದು 2.2 ಆಯಿತೇ ಎಂದು ತಿಳಿಯಲು ಒಂದೊಂದಕ್ಕೂ ಸುಮಾರು 80,000 ಜನ ಬೇಕು. ಅದು ನಿಮ್ಮ ಕೈಲಿ ಆಗುವ ಮಾತಲ್ಲ. ಹಾಗಾಗಿ ಬೆಲೆಯಂಥ ದೊಡ್ಡ ಬದಲಾವಣೆಯನ್ನು ಮಾತ್ರ ಆರ್ಡರ್ ಲೆಕ್ಕದಿಂದ ಅಳೆಯಿರಿ. ಎಂಟು ರಿವ್ಯೂ ಇರಬೇಕೋ ಐದೋ ಅನ್ನುವಂಥದ್ದನ್ನು ವಿವೇಚನೆಯಿಂದಲೇ ತೀರ್ಮಾನಿಸಿ.

ಚಿಕ್ಕ ಬದಲಾವಣೆಗಳಿಗೆ ನಿಮ್ಮ ಹತ್ತಿರ ಬೇರೆ ಅಳತೆ ಇದೆ, ಅದೇ ವಾಟ್ಸಾಪ್ ಪಟ್ಟಿ. ಬದಲಾಯಿಸಿದ ಮೇಲೂ ಗೀಟು ಹಾಕುತ್ತಾ ಇರಿ. ಒಗೆಯುವ ವಿವರ ತೆಗೆದ ಮೇಲೆ "ಬಣ್ಣ ಬಿಡುತ್ತಾ" ಅನ್ನೋ ಪ್ರಶ್ನೆ ಹೆಚ್ಚಾದರೆ ಜಾಸ್ತಿ ಕತ್ತರಿಸಿದ್ದೀರಿ ಎಂದರ್ಥ. ಇತಿಹಾಸ ತೆಗೆದ ಮೇಲೆ ಯಾರೂ ಏನೂ ಕೇಳದಿದ್ದರೆ ಅದು ಬೇಕಿರಲಿಲ್ಲ. "ಬೆಲೆ ಎಷ್ಟು" ಅನ್ನುವುದು ಕಡಿಮೆಯಾಗಿ "ಯಾವ ಬಣ್ಣ ಇದೆ", "ಯಾವಾಗ ಕಳಿಸ್ತೀರಿ" ಅನ್ನುವುದು ಹೆಚ್ಚಾದರೆ ಪೇಜು ತನ್ನ ಕೆಲಸ ಮಾಡುತ್ತಿದೆ.

ಒಂದನ್ನು ಮಾತ್ರ ಅಳತೆಯಾಗಿ ಇಟ್ಟುಕೊಳ್ಳಬೇಡಿ, ಅದು ಸ್ಕ್ರೋಲ್ ಶೇಕಡಾ. ಪೇಜು 26 ಪರದೆಯಿಂದ 12ಕ್ಕೆ ಇಳಿದರೆ ಅರ್ಧ ದಾಟಿದವರ ಸಂಖ್ಯೆ ತಾನಾಗಿಯೇ ಏರುತ್ತದೆ, ಅದರಲ್ಲಿ ಹೆಚ್ಚುಗಾರಿಕೆ ಇಲ್ಲ. ಮೊದಲ ಎರಡು ಪರದೆಯಲ್ಲಿ ಬಿಟ್ಟುಹೋಗುವವರು ಈಗಿನದಕ್ಕಿಂತ ಜಾಸ್ತಿ ಆಗುವ ಸಾಧ್ಯತೆಯೂ ಇದೆ, ಬೆಲೆ ನೋಡಿ ಹೋಗುವವರು ಬೇಗ ಹೋಗುತ್ತಾರೆ. ಸ್ಕ್ರೋಲ್ ಶೇಕಡಾ ಹಾಗೆ ಕೆಳಗಿಳಿದದ್ದು ಕಂಡು ನಿಮ್ಮ ತಮ್ಮ, ಬೆಲೆಯನ್ನು ಮತ್ತೆ ಪೇಜಿನ ಕೆಳಗೆ ಹಾಕೋಣ ಅಂದರೆ, ಮೊದಲು ಆ ತಿಂಗಳ ಆರ್ಡರ್ ಪುಸ್ತಕ ಮತ್ತು ವಾಪಸ್ ಬಂದ ಪಾರ್ಸಲ್‌ಗಳ ಲೆಕ್ಕ ತೆಗೆದು ಅವನ ಮುಂದೆ ಇಡಿ.